ರೆಸ್ಯೂಮೆಯಲ್ಲಿ ಒಂದು ಸ್ಟಡಿಯನ್ನು ಬರೆಯುವುದು ಹೇಗೆ? ಕ್ಲಿನಿಕಲ್ ಡೇಟಾ ಅನಲಿಸ್ಟ್ ಮತ್ತು ಬಯೋಸ್ಟ್ಯಾಟಿಸ್ಟಿಷಿಯನ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿನಿಕಲ್ ಟ್ರಯಲ್‌ಗಳ ಪ್ರೋಗ್ರಾಮಿಂಗ್ ಮಾಡುತ್ತಾ ಬಂದು, ಆಮೇಲೆ ಇಂಟರ್‌ವ್ಯೂ ಮೇಜಿನ ಆಚೆ ಬದಿಗೂ ಕೂತವನು ನಾನು. ರೆಸ್ಯೂಮೆ ಕಳಿಸಿ "ಒಂದ್ಸಲ ನೋಡಿ ಹೇಳಿ ಸರ್" ಅನ್ನುವ ಹುಡುಗ ಹುಡುಗಿಯರು ತಿರುಗಾ ಮುರುಗಾ ಕೇಳುವುದು ಇವೇ ಪ್ರಶ್ನೆಗಳನ್ನು. ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ, ಅದು ಗೊತ್ತಿದ್ದದ್ದೇ. ಇಲ್ಲಿ ಮಾದರಿ ಸಾಲುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ಮುಖ್ಯ ಆಗೋದು ಸಾಲಿನೊಳಗೆ ಏನಿದೆ ಅನ್ನೋದು.

ರೆಸ್ಯೂಮೆ ಕೈಗೆ ಬಂದಾಗ ಮೊದಲು ಏನು ನೋಡುತ್ತೀರಿ?

ಸ್ಟಡಿಗಳನ್ನು. ಮೇಲಿರುವ ನಾಲ್ಕು ಸಾಲಿನ ಪರಿಚಯವನ್ನು ನಾನು ಓದೋದೇ ಕಡಿಮೆ. ಕಂಪನಿ ಹೆಸರು, ಹುದ್ದೆ, ವರ್ಷಗಳ ಮೇಲೆ ಹಾಗೇ ಕಣ್ಣು ಹಾಯಿಸಿ, ಈ ವ್ಯಕ್ತಿ ಯಾವ ಸ್ಟಡಿಯಲ್ಲಿ ಯಾವ ಭಾಗ ಮಾಡಿದ್ದಾರೆ ಅಂತ ಹುಡುಕುತ್ತೇನೆ. ಅಲ್ಲಿ ಸಿಗುವುದು ಹೆಚ್ಚಾಗಿ ಇದು: "ಎಸ್‌ಡಿಟಿಎಂ ಮತ್ತು ಆಡಮ್ ಡೇಟಾಸೆಟ್‌ಗಳು, ಟೇಬಲ್, ಲಿಸ್ಟಿಂಗ್, ಫಿಗರ್‌ಗಳನ್ನು ತಯಾರಿಸಿದ ಅನುಭವ." ಈ ಸಾಲು ಸುಳ್ಳಲ್ಲ. ಆದರೆ ಈ ಕೆಲಸದಲ್ಲಿರುವ ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ಆರು ತಿಂಗಳ ಅನುಭವದವರೂ ಬರೆಯಬಹುದು, ಹತ್ತು ವರ್ಷದವರೂ ಬರೆಯಬಹುದು. ಓದಿದ ಮೇಲೆ ನನಗೆ ಕೇಳಲು ಒಂದೂ ಪ್ರಶ್ನೆ ಹುಟ್ಟುವುದಿಲ್ಲ. ಕೇಳಲು ಪ್ರಶ್ನೆಯೇ ಇಲ್ಲದವರನ್ನು ಯಾಕೆ ಕರೀಬೇಕು?

ಹಾಗಾದರೆ ಒಂದು ಸ್ಟಡಿಯ ಬಗ್ಗೆ ಏನು ಬರೀಬೇಕು?

ನಾಲ್ಕು ವಿಷಯ ಸಾಕು. ಸ್ಟಡಿ ಎಂಥದ್ದು, ಅದರಲ್ಲಿ ನಿಮ್ಮ ಕೈಯಲ್ಲಿದ್ದದ್ದು ಏನು, ಅಲ್ಲಿ ಕಷ್ಟದ ಜಾಗ ಯಾವುದಿತ್ತು, ಕೊನೆಗೆ ಆ ಕೆಲಸ ಎಲ್ಲಿಗೆ ತಲುಪಿತು.

ಕಲ್ಪಿಸಿದ ಒಂದು ಉದಾಹರಣೆ ತಗೊಳ್ಳೋಣ. ಕ್ಯಾನ್ಸರ್ ಔಷಧದ ಮೂರನೇ ಹಂತದ ಟ್ರಯಲ್, ಎರಡು ಗುಂಪು, 412 ರೋಗಿಗಳು. ಮುಖ್ಯ ಎಂಡ್‌ಪಾಯಿಂಟ್ ಅಂದರೆ ಕಾಯಿಲೆ ಉಲ್ಬಣಿಸುವ ಅಥವಾ ರೋಗಿ ಸಾಯುವ ತನಕದ ಅವಧಿ, ನಾವೆಲ್ಲ ಪಿಎಫ್‌ಎಸ್ ಅನ್ನುತ್ತೇವಲ್ಲ, ಅದು. ರೆಸ್ಯೂಮೆಯ ಮೊದಲ ರೂಪದಲ್ಲಿ ಹೀಗಿತ್ತು ಅಂದುಕೊಳ್ಳಿ: "ಆಂಕಾಲಜಿ ಸ್ಟಡಿಯಲ್ಲಿ ಆಡಮ್ ಡೇಟಾಸೆಟ್ ಮತ್ತು ಎಫಿಕಸಿ ಟೇಬಲ್‌ಗಳನ್ನು ಮಾಡಿದ್ದೇನೆ."

ತಿದ್ದಿದ ರೂಪ:

"ಗಟ್ಟಿ ಗೆಡ್ಡೆಯ ಕ್ಯಾನ್ಸರ್, ಮೂರನೇ ಹಂತ, ರ‍್ಯಾಂಡಮೈಸ್ಡ್, ಸುಮಾರು 400 ರೋಗಿಗಳು, ಮುಖ್ಯ ಎಂಡ್‌ಪಾಯಿಂಟ್ ಪಿಎಫ್‌ಎಸ್. ADSL ಮತ್ತು ADTTE ಎರಡಕ್ಕೂ ಮುಖ್ಯ ಪ್ರೋಗ್ರಾಮರ್; ADTTE ಸ್ಪೆಸಿಫಿಕೇಶನ್ ಬರೆದೆ. ಸತತ ಸ್ಕ್ಯಾನ್ ತಪ್ಪಿದವರ ಸೆನ್ಸರಿಂಗ್ ನಿಯಮವನ್ನು ಮುಖ್ಯ ಮತ್ತು ಸೆನ್ಸಿಟಿವಿಟಿ ವಿಶ್ಲೇಷಣೆಗಳಿಗೆ ಬೇರೆ ಬೇರೆ ಪ್ಯಾರಾಮೀಟರ್ ಆಗಿ ಕಟ್ಟಿದೆ. ಎಫಿಕಸಿ ಟೇಬಲ್‌ಗಳ ಕ್ಯೂಸಿಯನ್ನು ಆರ್‌ನಲ್ಲಿ ಸ್ವತಂತ್ರವಾಗಿ ಮಾಡಿದೆ. ಫಲಿತಾಂಶ ಸ್ಟಡಿ ರಿಪೋರ್ಟ್‌ನ 14ನೇ ಭಾಗದಲ್ಲಿ ಸೇರಿತು."

ಉದ್ದ ಆಯಿತು, ನಿಜ. ಆದರೆ ಇದನ್ನು ಓದಿದರೆ ಕನಿಷ್ಠ ಐದು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. ಐದಕ್ಕೂ ಉತ್ತರ ನಿಮಗೆ ಗೊತ್ತಿರುತ್ತದೆ, ಯಾಕೆಂದರೆ ಕೆಲಸ ಮಾಡಿದ್ದು ನೀವೇ.

ADTTE ಅಂತ ಹೆಸರು ಬರೆದರೆ ಸಾಲದಾ? ಸೆನ್ಸರಿಂಗ್ ಅದು ಇದು ಎಲ್ಲ ಯಾಕೆ?

ಹೆಸರು ಬರೆದವರನ್ನೂ ಕಟ್ಟಿದವರನ್ನೂ ಬೇರೆ ಮಾಡುವುದು ಅದೇ. ಒಬ್ಬ ರೋಗಿಯನ್ನು ಹತ್ತಿರದಿಂದ ನೋಡಿ. ಎಂಟು ವಾರಕ್ಕೊಮ್ಮೆ ಸ್ಕ್ಯಾನ್. 8 ಮತ್ತು 16ನೇ ವಾರದ ಸ್ಕ್ಯಾನ್ ಚೆನ್ನಾಗಿದೆ. 24ಕ್ಕೂ ಬರಲಿಲ್ಲ, 32ಕ್ಕೂ ಬರಲಿಲ್ಲ. 40ನೇ ವಾರ ಬಂದಾಗ ಗೆಡ್ಡೆ ಬೆಳೆದಿದೆ. ಕಾಯಿಲೆ ಯಾವಾಗ ಉಲ್ಬಣಿಸಿತು? 16ರಿಂದ 40ರ ನಡುವೆ ಎಲ್ಲೋ ಒಂದು ಕಡೆ. ಯಾರಿಗೂ ಗೊತ್ತಿಲ್ಲ.

ಸತತ ಎರಡು ಸ್ಕ್ಯಾನ್ ತಪ್ಪಿದ ಮೇಲೆ ಬಂದ ಉಲ್ಬಣವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ವಿಶ್ಲೇಷಣಾ ಯೋಜನೆ, ಅಂದರೆ ಎಸ್‌ಎಪಿ, ಹೇಳಿದ್ದರೆ, ಈ ರೋಗಿ 16ನೇ ವಾರಕ್ಕೆ ಸೆನ್ಸರ್ ಆಗುತ್ತಾರೆ. `AVAL` 113 ದಿನ, `CNSR` 2 ಅಥವಾ ನೀವು ಆ ಕಾರಣಕ್ಕೆ ಕೊಟ್ಟ ಬೇರೆ ಸಂಖ್ಯೆ. ತಪ್ಪಿದ ಸ್ಕ್ಯಾನ್‌ಗಳನ್ನು ಕಡೆಗಣಿಸುವ ಸೆನ್ಸಿಟಿವಿಟಿ ವಿಶ್ಲೇಷಣೆಯಲ್ಲಿ ಇದೇ ರೋಗಿಗೆ `AVAL` 281, `CNSR` 0. ಒಂದೇ ರೋಗಿ, ಎರಡು ಸಾಲು, ಎರಡು `PARAMCD`. ಅಷ್ಟೂ ನಿಯಮ ಡೇಟಾಸೆಟ್‌ನೊಳಗೇ ಇರುತ್ತದೆ, ಟೇಬಲ್ ಪ್ರೋಗ್ರಾಂ ಸುಮ್ನೆ ಓದಿಕೊಂಡು ಹೋಗುತ್ತದೆ. `EVNTDESC`, `CNSDTDSC` ತುಂಬಿದ್ದರೆ, ಈ ದಿನಾಂಕ ಎಲ್ಲಿಂದ ಬಂತು ಅಂತ ರಿವ್ಯೂ ಮಾಡುವವರಿಗೆ ಅಲ್ಲೇ ಗೊತ್ತಾಗುತ್ತದೆ.

ಇಂಟರ್‌ವ್ಯೂನಲ್ಲಿ ನಾನು ಕೇಳುವುದು ಇದನ್ನೇ: "ಎರಡು ಸ್ಕ್ಯಾನ್ ತಪ್ಪಿ ಆಮೇಲೆ ಉಲ್ಬಣ ಆದರೆ ನಿಮ್ಮ ಸ್ಟಡಿಯಲ್ಲಿ ಏನು ಮಾಡಿದಿರಿ?" ADTTE ಕಟ್ಟಿದವರು ತಕ್ಷಣ ಮಾತಾಡುತ್ತಾರೆ, ಕೆಲವರು ಪೆನ್ನು ಕೇಳಿ ಗೆರೆ ಎಳೆದೇ ತೋರಿಸುತ್ತಾರೆ. ಬೇರೆಯವರ ಪ್ರೋಗ್ರಾಂ ರನ್ ಮಾತ್ರ ಮಾಡಿದವರು "ಅದು ಎಸ್‌ಎಪಿ ಪ್ರಕಾರ ಸರ್" ಅಂದು ನಿಲ್ಲಿಸುತ್ತಾರೆ.

ನಿಮ್ಮದು ಆಂಕಾಲಜಿ ಅಲ್ಲದಿದ್ದರೂ ದಾರಿ ಇದೇ. ಲ್ಯಾಬ್ ಡೇಟಾ ಆದರೆ ಬೇಸ್‌ಲೈನ್ ಯಾವ ವಿಸಿಟ್, ಒಂದೇ ದಿನ ಎರಡು ರೀಡಿಂಗ್ ಬಂದರೆ ಯಾವುದು ಅನ್ನುವುದು ಅಲ್ಲಿನ ಕಷ್ಟದ ಜಾಗ. ಅಡ್ವರ್ಸ್ ಇವೆಂಟ್ ಆದರೆ ಅರ್ಧಂಬರ್ಧ ದಿನಾಂಕ: ತಿಂಗಳು ಇದೆ, ದಿನ ಇಲ್ಲ, ಔಷಧ ಶುರುವಾದ ತಿಂಗಳೂ ಅದೇ. ಅದು ಔಷಧ ಕೊಟ್ಟ ಮೇಲಿನದ್ದಾ, ಮೊದಲಿನದ್ದಾ? ನಿಮ್ಮ ಸ್ಟಡಿಯ ಅಂಥ ಒಂದು ಜಾಗ ಹುಡುಕಿ ರೆಸ್ಯೂಮೆಗೆ ಹಾಕಿ. ಒಂದೇ ಸಾಕು.

ನಾನು ಕ್ಯೂಸಿ ಮಾತ್ರ ಮಾಡಿದ್ದೇನೆ. ಅದನ್ನು ಬರೆದರೆ ಕೀಳಾಗಿ ಕಾಣುತ್ತಾ?

ಇಲ್ಲ. ಮುಚ್ಚಿಟ್ಟು "ತಯಾರಿಸಿದೆ" ಅಂತ ಬರೆದರೆ ಮಾತ್ರ ಕೀಳಾಗಿ ಕಾಣುತ್ತದೆ. ಪ್ರೊಡಕ್ಷನ್ ಮಾಡಿದ್ದು ಬೇರೆ, ಕ್ಯೂಸಿ ಮಾಡಿದ್ದು ಬೇರೆ. ಎರಡನ್ನೂ ಬೇರೆಯಾಗಿಯೇ ಬರೆಯಿರಿ. ಕ್ಯೂಸಿಯಲ್ಲಿ ನೀವು ಹಿಡಿದ ಒಂದು ತಪ್ಪು ಹತ್ತು ಟೇಬಲ್ ಮಾಡಿದ್ದಕ್ಕಿಂತ ಜಾಸ್ತಿ ಹೇಳುತ್ತದೆ.

ನಾನೇ ಕಂಡ ಒಂದು ತಪ್ಪು ಹೇಳುತ್ತೇನೆ. ಸ್ಯಾಸ್‌ನಲ್ಲಿ ಕಾಕ್ಸ್ ಮಾಡೆಲ್ ಹಾಕುವಾಗ ಬ್ರಾಕೆಟ್‌ನಲ್ಲಿ ಕೊಟ್ಟ ಸಂಖ್ಯೆಗಳನ್ನು ಮಾತ್ರ ಸೆನ್ಸರ್ ಅಂತ ತಗೊಳ್ಳುತ್ತದೆ. ಆಡಮ್‌ನಲ್ಲಿ `CNSR` 0 ಇದ್ದರೆ ಘಟನೆ ಆಗಿದೆ. 1, 2, 3 ಎಲ್ಲ ಸೆನ್ಸರ್‌ನ ಬೇರೆ ಬೇರೆ ಕಾರಣ. ಹಳೆಯ ಸ್ಟಡಿಯಲ್ಲಿ 1 ಒಂದೇ ಇತ್ತು. ಅಲ್ಲಿಂದ ಎತ್ತಿದ ಮ್ಯಾಕ್ರೋ ಹೊಸ ಸ್ಟಡಿಗೂ ಬಂತು.

```
/* ತಪ್ಪು: 2, 3 ಇರುವವರು ಘಟನೆ ಆದವರ ಲೆಕ್ಕಕ್ಕೆ ಹೋಗುತ್ತಾರೆ */
model aval*cnsr(1) = trtpn / ties=efron;

/* ಸರಿ */
model aval*cnsr(1,2,3) = trtpn / ties=efron;
```

ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಲಾಗ್ ಶುದ್ಧ. ಮೇಲೆ ಹೇಳಿದಂಥ ರೋಗಿ 113ನೇ ದಿನಕ್ಕೆ ಉಲ್ಬಣ ಆದವರ ಸಾಲಿಗೆ ಸೇರಿಬಿಡುತ್ತಾರೆ. ಪ್ರೊಡಕ್ಷನ್ ಮತ್ತು ಕ್ಯೂಸಿ ಎರಡೂ ಕಡೆ ಅದೇ ಮ್ಯಾಕ್ರೋ ಇದ್ದಿದ್ದರೆ `PROC COMPARE` ಎಲ್ಲ ಸರಿ ಅನ್ನುತ್ತಿತ್ತು. ಕ್ಯೂಸಿ ಮಾಡಿದ ಹುಡುಗಿ ಆರ್‌ನಲ್ಲಿ `Surv(AVAL, CNSR == 0)` ಅಂತ ತಾನೇ ಬರೆದಿದ್ದಳು. ಘಟನೆಗಳ ಎಣಿಕೆ ಹೊಂದಲಿಲ್ಲ. ಹಜಾರ್ಡ್ ರೇಶಿಯೋ ನೋಡುವ ಮೊದಲೇ ಗೊತ್ತಾಗಿಬಿಟ್ಟಿತು.

ಆಕೆಯ ರೆಸ್ಯೂಮೆಯಲ್ಲಿ ಈ ಸಾಲು ಇತ್ತು: "ಸ್ವತಂತ್ರ ಕ್ಯೂಸಿಯಲ್ಲಿ ಸೆನ್ಸರ್ ಕೋಡ್‌ಗಳು ಘಟನೆಗಳಾಗಿ ಎಣಿಕೆ ಆಗುತ್ತಿದ್ದುದನ್ನು ಹಿಡಿದೆ, ಘಟನೆಗಳ ಸಂಖ್ಯೆಯನ್ನು ಡೇಟಾಸೆಟ್‌ನೊಂದಿಗೆ ತಾಳೆ ನೋಡುವ ಹಂತವನ್ನು ತಂಡದ ಚೆಕ್‌ಲಿಸ್ಟ್‌ಗೆ ಸೇರಿಸಿದೆ." ಇಂಥ ಸಾಲು ಬರೆದವರನ್ನು ಕರೆಯದೆ ಇರೋಕೆ ಆಗುತ್ತಾ?

ಎಸ್‌ಎಪಿ ಬರೆದಿದ್ದೇನೆ ಅಂತ ಯಾವಾಗ ಹೇಳಬಹುದು?

ಬಯೋಸ್ಟ್ಯಾಟಿಸ್ಟಿಷಿಯನ್‌ಗಳ ರೆಸ್ಯೂಮೆಯಲ್ಲಿ ಜಾಸ್ತಿ ಹಿಗ್ಗುವ ಮಾತು ಇದು. ಸ್ಟ್ಯಾಟಿಸ್ಟಿಕಲ್ ಅನಾಲಿಸಿಸ್ ಪ್ಲಾನ್‌ಗೆ ಒಬ್ಬ ಮುಖ್ಯ ಲೇಖಕ ಇರುತ್ತಾರೆ. ಉಳಿದವರು ಭಾಗ ಬರೆಯುತ್ತಾರೆ, ಟೇಬಲ್ ಶೆಲ್ ಮಾಡುತ್ತಾರೆ, ಓದಿ ಕಾಮೆಂಟ್ ಕೊಡುತ್ತಾರೆ. ಎಲ್ಲವೂ ಕೆಲಸವೇ. ಆದರೆ ಯಾವುದು ನಿಮ್ಮದು ಅಂತ ಹೇಳಿ. "ಸೆನ್ಸರಿಂಗ್ ಮತ್ತು ಸೆನ್ಸಿಟಿವಿಟಿ ವಿಶ್ಲೇಷಣೆಯ ಭಾಗ ಬರೆದೆ, ಎಫಿಕಸಿ ಶೆಲ್‌ಗಳನ್ನು ಮಾಡಿದೆ" ಅಂದರೆ ಅದು ಗಟ್ಟಿ.

ಮುಖ್ಯ ಲೇಖಕ ನೀವೇ ಆಗಿದ್ದರೆ ಎರಡು ಸಂಗತಿ ಸೇರಿಸಿ. ಒಂದು, ಎಸ್ಟಿಮ್ಯಾಂಡ್. ಐಸಿಎಚ್‌ನ ಇ9 ಮಾರ್ಗಸೂಚಿ 1998ರದ್ದು. ಅದಕ್ಕೆ 2019ರ ನವೆಂಬರ್‌ನಲ್ಲಿ ಆರ್1 ಅನ್ನುವ ಸೇರ್ಪಡೆ ಬಂತು. ರೋಗಿ ನಡುವೆ ಔಷಧ ಬಿಟ್ಟರೆ, ಬೇರೆ ಚಿಕಿತ್ಸೆ ಶುರು ಮಾಡಿದರೆ ಅದನ್ನು ಹೇಗೆ ಕಾಣುತ್ತೀರಿ ಅಂತ ಮೊದಲೇ ಹೇಳಬೇಕು ಅನ್ನುವುದು ಅದರ ತಿರುಳು. "ಎಸ್ಟಿಮ್ಯಾಂಡ್ ಚೌಕಟ್ಟು ಗೊತ್ತು" ಅನ್ನಬೇಡಿ. "ಹೊಸ ಕ್ಯಾನ್ಸರ್ ಚಿಕಿತ್ಸೆ ಶುರುವಾದಾಗ ಅನುಸರಿಸುವ ತಂತ್ರವನ್ನು ಮುಖ್ಯ ಎಸ್ಟಿಮ್ಯಾಂಡ್‌ಗೂ ಪೂರಕ ಎಸ್ಟಿಮ್ಯಾಂಡ್‌ಗೂ ಬೇರೆಯಾಗಿ ಬರೆದೆ" ಅನ್ನಿ.

ಇನ್ನೊಂದು, ಸಮಯ. ಡೇಟಾ ಅನ್‌ಬ್ಲೈಂಡ್ ಆಗುವ ಮೊದಲು ಎಸ್‌ಎಪಿಗೆ ಸಹಿ ಆಗಿತ್ತಾ? ಆಮೇಲೆ ಬದಲಾವಣೆ ಬಂದಿದ್ದರೆ ಎಲ್ಲಿ ದಾಖಲಿಸಿದಿರಿ? ರೆಸ್ಯೂಮೆಯಲ್ಲಿ "ಅನ್‌ಬ್ಲೈಂಡಿಂಗ್‌ಗೂ ಮೊದಲು ಅಂತಿಮಗೊಂಡ ಎಸ್‌ಎಪಿ" ಅನ್ನುವ ಪದಗಳೇ ಸಾಕು, ಓದುವವರಿಗೆ ಅರ್ಥ ಆಗುತ್ತದೆ. ಡೇಟಾ ಮಾನಿಟರಿಂಗ್ ಕಮಿಟಿಗೆ ರಿಪೋರ್ಟ್ ಮಾಡಿದ್ದರೆ, ನೀವು ಬ್ಲೈಂಡ್ ತಂಡದಲ್ಲಿದ್ದಿರಾ ಅನ್‌ಬ್ಲೈಂಡ್ ತಂಡದಲ್ಲಾ ಅಂತ ಬರೆಯಲೇಬೇಕು. ಒಂದೇ ಸ್ಟಡಿಗೆ ಎರಡೂ ಕಡೆ ಇದ್ದೆ ಅಂತ ಅರ್ಥ ಬರುವ ರೆಸ್ಯೂಮೆ ನೋಡಿದ್ದೇನೆ. ಬರೆದವರಿಗೆ ಅದು ಹೊಳೆದೇ ಇರಲಿಲ್ಲ.

ಸಾಫ್ಟ್‌ವೇರ್ ಪಟ್ಟಿ ಎಷ್ಟು ಉದ್ದ ಇರಬೇಕು?

ಒಂದು ಸಾಲು. ಸ್ಪ್ರೆಡ್‌ಶೀಟ್, ಇಮೇಲ್ ಎಲ್ಲ ತೆಗೆಯಿರಿ. ನಕ್ಷತ್ರ, ಬಣ್ಣದ ಪಟ್ಟಿ ಹಾಕಿ "ಸ್ಯಾಸ್ 90 ಶೇಕಡಾ" ಅಂತ ತೋರಿಸುವುದನ್ನೂ ತೆಗೆಯಿರಿ. ಯಾವ 90 ಶೇಕಡಾ ಅದು?

ಅದರ ಬದಲು ಸಾಫ್ಟ್‌ವೇರ್ ಅನ್ನು ಸ್ಟಡಿಯ ಒಳಗೇ ತನ್ನಿ. ಈಗ ಸ್ಯಾಸ್ ಜೊತೆ ಆರ್ ಕೂಡ ಬೇಕು ಅನ್ನುವವರು ಜಾಸ್ತಿ. ಯಾವುದೇ ಒಂದು ಸಾಫ್ಟ್‌ವೇರ್ ಕಡ್ಡಾಯವಲ್ಲ ಅಂತ ಎಫ್‌ಡಿಎ ಹೇಳಿದೆ. ಆರ್ ಕನ್ಸೋರ್ಟಿಯಂನ ತಂಡ 2021ರ ನವೆಂಬರ್‌ನಲ್ಲಿ ಆರ್‌ನಲ್ಲೇ ಮಾಡಿದ ಒಂದು ಪ್ರಾಯೋಗಿಕ ಸಬ್‌ಮಿಷನ್ ಅನ್ನು ಅವರಿಗೆ ಕಳಿಸಿಯೂ ಇತ್ತು. ಹಾಗಂತ "ಆರ್ ಗೊತ್ತು" ಅಂದರೆ ಸಾಲದು.

ನಿಜವಾಗಿ ಎರಡನ್ನೂ ಬಳಸಿದವರಿಗೆ ಒಂದು ಪೆಟ್ಟು ಬಿದ್ದೇ ಇರುತ್ತದೆ: ಉತ್ತರ ಹೊಂದುವುದಿಲ್ಲ. ಒಂದೇ ದಿನಕ್ಕೆ ಹಲವರ ಘಟನೆ ಬಂದಾಗ ಸ್ಯಾಸ್‌ನ `PHREG` ತಾನಾಗಿ ಬ್ರೆಸ್ಲೋ ವಿಧಾನ ಹಿಡಿಯುತ್ತದೆ, ಆರ್‌ನ `coxph` ಎಫ್ರಾನ್ ಹಿಡಿಯುತ್ತದೆ. ಸ್ಕ್ಯಾನ್ ದಿನಗಳು ನಿಗದಿಯಾಗಿರುವ ಪಿಎಫ್‌ಎಸ್‌ನಲ್ಲಿ ಒಂದೇ ದಿನದ ಘಟನೆಗಳು ಬೇಕಾದಷ್ಟು, ಹಾಗಾಗಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮೀಡಿಯನ್‌ನ ಕಾನ್ಫಿಡೆನ್ಸ್ ಇಂಟರ್ವಲ್‌ನದ್ದೂ ಇದೇ ಕಥೆ. `LIFETEST` ಲಾಗ್-ಲಾಗ್, `survfit` ಬರೀ ಲಾಗ್. ಯಾವುದನ್ನು ಬಳಸಬೇಕು ಅಂತ ಎಸ್‌ಎಪಿಯಲ್ಲೇ ಬರೆದಿರಬೇಕು. "ಸ್ಯಾಸ್ ಮತ್ತು ಆರ್ ಫಲಿತಾಂಶಗಳ ವ್ಯತ್ಯಾಸದ ಮೂಲ ಹುಡುಕಿ, ಟೈಸ್ ವಿಧಾನ ಮತ್ತು ಇಂಟರ್ವಲ್ ವಿಧಾನವನ್ನು ಎಸ್‌ಎಪಿಯಲ್ಲಿ ನಮೂದಿಸಲು ಸೂಚಿಸಿದೆ" ಅನ್ನುವ ಸಾಲು ಎರಡು ಸಾಫ್ಟ್‌ವೇರ್ ಗೊತ್ತು ಅಂತ ಬೇರೆಯಾಗಿ ಹೇಳುವ ಕೆಲಸವನ್ನೇ ಉಳಿಸುತ್ತದೆ.

"ಎಫ್‌ಡಿಎ ಸಬ್‌ಮಿಷನ್ ಅನುಭವ" ಅಂತ ಹಾಕಬಹುದಾ?

ನನ್ನ ಮೊದಮೊದಲ ರೆಸ್ಯೂಮೆಯಲ್ಲಿ ಈ ಮಾತು ದಪ್ಪ ಅಕ್ಷರದಲ್ಲಿತ್ತು. ಇಂಟರ್‌ವ್ಯೂ ಮಾಡಿದವರು ಮೆಲ್ಲಗೆ ಕೇಳಿದರು: "ರಿವ್ಯೂವರ್ಸ್ ಗೈಡ್‌ನಲ್ಲಿ ನೀವು ವಿವರಣೆ ಕೊಟ್ಟ ಒಂದು ಸಮಸ್ಯೆ ಹೇಳಿ." ನಾನು ಮಾಡಿದ ಟೇಬಲ್‌ಗಳು ಸಬ್‌ಮಿಷನ್‌ಗೆ ಹೋಗಿದ್ದವು, ಅಷ್ಟೇ. ಪ್ಯಾಕೇಜನ್ನು ನಾನು ಕಣ್ಣಲ್ಲೂ ನೋಡಿರಲಿಲ್ಲ. ಬಾಯಿ ಒಣಗಿತು.

ಸಬ್‌ಮಿಷನ್ ಅನುಭವ ಅಂದರೆ ಪ್ಯಾಕೇಜ್‌ಗೆ ಕೈ ಹಾಕಿರಬೇಕು. ಡೇಟಾಸೆಟ್‌ಗಳು ಟ್ರಾನ್ಸ್‌ಪೋರ್ಟ್ ಫೈಲ್ ಆಗಿ ಹೋಗುತ್ತವೆ, ಅದರ 5ನೇ ಆವೃತ್ತಿಗೆ ಕಟ್ಟುಪಾಡುಗಳಿವೆ: ವೇರಿಯಬಲ್ ಹೆಸರು 8 ಅಕ್ಷರ, ಲೇಬಲ್ 40, ಬರಹದ ಮೌಲ್ಯ 200. ವೈದ್ಯರು ಬರೆದ ಉದ್ದನೆಯ ಕಾಮೆಂಟ್ 200 ದಾಟಿದರೆ `COVAL`, `COVAL1` ಅಂತ ತುಂಡು ಮಾಡಬೇಕು. ಜೊತೆಗೆ `define.xml`, ಅನೊಟೇಟೆಡ್ ಸಿಆರ್‌ಎಫ್, ಎಸ್‌ಡಿಟಿಎಂಗೂ ಆಡಮ್‌ಗೂ ಒಂದೊಂದು ರಿವ್ಯೂವರ್ಸ್ ಗೈಡ್. ಪಿನಾಕಲ್ 21 ರನ್ ಮಾಡಿದಾಗ ಬರುವ ದೂರುಗಳಲ್ಲಿ ಕೆಲವನ್ನು ಸರಿಪಡಿಸುತ್ತೀರಿ. ಕೆಲವು ಸರಿಪಡಿಸಲು ಆಗದವು, ಯಾಕೆಂದರೆ ಡೇಟಾ ಬಂದದ್ದೇ ಹಾಗೆ. ಅವಕ್ಕೆ ಗೈಡ್‌ನಲ್ಲಿ ವಿವರಣೆ ಬರೆಯುತ್ತೀರಿ. ಇದರಲ್ಲಿ ನೀವು ಮಾಡಿದ್ದು `define.xml` ಮಾತ್ರವಾ? ಹಾಗೇ ಬರೆಯಿರಿ. ಏಜೆನ್ಸಿಯಿಂದ ಬಂದ ಪ್ರಶ್ನೆಗೆ ಹೆಚ್ಚುವರಿ ವಿಶ್ಲೇಷಣೆ ಮಾಡಿಕೊಟ್ಟಿದ್ದರೆ ಅದನ್ನು ಮೇಲಕ್ಕೆ ತನ್ನಿ; ಅದು ಎಲ್ಲರಿಗೂ ಸಿಗುವ ಕೆಲಸವಲ್ಲ.

"ಸಿಡಿಸ್ಕ್ ಪ್ರಕಾರ ಡೇಟಾಸೆಟ್" ಅನ್ನುವುದನ್ನು ಸಾಧನೆ ಅಂತ ಬರೆಯಬೇಡಿ. 2016ರ ಡಿಸೆಂಬರ್ 17ರ ನಂತರ ಶುರುವಾದ ಸ್ಟಡಿಗಳ ಡೇಟಾ ಹೊಸ ಔಷಧದ ಅರ್ಜಿಯಲ್ಲಿ ಹೋಗಬೇಕಾದರೆ ಎಫ್‌ಡಿಎಗೆ ಅದು ಕಡ್ಡಾಯ. ಜಪಾನಿನ ಪಿಎಂಡಿಎ 2020ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿದೆ. ಹಳೆಯ ಸ್ಟಡಿಯ ಡೇಟಾವನ್ನು ಈ ರೂಪಕ್ಕೆ ತಂದಿದ್ದರೆ ಮಾತು ಬೇರೆ, ಅದು ಬೆವರು ಹರಿಸುವ ಕೆಲಸ. ಅದನ್ನು ಖಂಡಿತ ಬರೆಯಿರಿ.

ಇಷ್ಟೆಲ್ಲ ಬರೆದರೆ ಗೌಪ್ಯತೆ ಒಪ್ಪಂದ ಮುರಿದಂತೆ ಆಗೋದಿಲ್ವಾ?

ಔಷಧದ ಹೆಸರು, ಪ್ರೊಟೊಕಾಲ್ ಸಂಖ್ಯೆ, ಪ್ರಕಟವಾಗದ ಫಲಿತಾಂಶ, ಸ್ಪಾನ್ಸರ್ ಹೆಸರು ಬರೆಯಬೇಡಿ. ಹಂತ, ಚಿಕಿತ್ಸಾ ಕ್ಷೇತ್ರ, ವಿನ್ಯಾಸ, ದುಂಡು ಸಂಖ್ಯೆಯಲ್ಲಿ ರೋಗಿಗಳ ಲೆಕ್ಕ ಸಾಮಾನ್ಯವಾಗಿ ಸಾಕು. ತೀರಾ ಅಪರೂಪದ ಕಾಯಿಲೆ ಆದರೆ ಕಾಯಿಲೆಯ ಹೆಸರೊಂದರಿಂದಲೇ ಕಂಪನಿ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಅಂಥ ಕಡೆ "ಅಪರೂಪದ ನರರೋಗ" ಅಂದರೆ ಆಯಿತು. ನಿಮ್ಮ ಒಪ್ಪಂದದಲ್ಲಿ ಏನಿದೆ ಅಂತ ಒಮ್ಮೆ ಓದಿ. ಸ್ಯಾಂಪಲ್ ಅಂತ ಕಂಪನಿಯ ಪ್ರೋಗ್ರಾಂ ಕಳಿಸುವವರನ್ನು ನಾನು ಅಲ್ಲಿಗೇ ಬಿಡುತ್ತೇನೆ. ನಾಳೆ ನಮ್ಮದನ್ನೂ ಹೀಗೇ ಬೇರೆಯವರಿಗೆ ಕಳಿಸುತ್ತಾರೆ, ಅಲ್ವಾ?

ನಾನು ಫ್ರೆಶರ್. ಸ್ಟಡಿಯೇ ಇಲ್ಲ. ಏನು ಮಾಡಲಿ?

ಸಿಡಿಸ್ಕ್ ಪೈಲಟ್ ಸ್ಟಡಿಯ ಡೇಟಾ ಎಲ್ಲರಿಗೂ ತೆರೆದಿದೆ: ಅಲ್ಜೈಮರ್ ರೋಗಿಗಳು, 254 ಜನ, ಪ್ಲಸೀಬೊ ಸೇರಿ ಮೂರು ಗುಂಪು. ಆರ್‌ನಲ್ಲಿ ಅಭ್ಯಾಸ ಮಾಡುವವರಿಗೆ `pharmaversesdtm` ಪ್ಯಾಕೇಜ್‌ನಲ್ಲಿ ಎಸ್‌ಡಿಟಿಎಂ ಡೇಟಾ ಸಿಗುತ್ತದೆ, `admiral` ಬಳಸಿ ಆಡಮ್ ಕಟ್ಟಬಹುದು. ಹತ್ತು ಡೇಟಾಸೆಟ್ ಮಾಡಲು ಹೋಗಬೇಡಿ. ADSL ಮತ್ತು ಇನ್ನೊಂದು ಸಾಕು. ಮೊದಲು ಎರಡು ಪುಟದ ಸ್ಪೆಸಿಫಿಕೇಶನ್ ಬರೆಯಿರಿ, ಆಮೇಲೆ ಪ್ರೋಗ್ರಾಂ, ಆಮೇಲೆ ಗೆಳೆಯರೊಬ್ಬರ ಕೈಲಿ ಆ ಸ್ಪೆಸಿಫಿಕೇಶನ್ ಮಾತ್ರ ಕೊಟ್ಟು ಅದೇ ಡೇಟಾಸೆಟ್ ಮಾಡಿಸಿ. ಇಬ್ಬರದೂ ಹೊಂದದ ಜಾಗವನ್ನು ಬರೆದಿಡಿ. ಬಹಳ ಸಲ ತಪ್ಪು ಪ್ರೋಗ್ರಾಂನಲ್ಲಿ ಇರುವುದಿಲ್ಲ, ಸ್ಪೆಸಿಫಿಕೇಶನ್‌ನ ಒಂದು ಅಸ್ಪಷ್ಟ ವಾಕ್ಯದಲ್ಲಿ ಇರುತ್ತದೆ.

ರೆಸ್ಯೂಮೆಯಲ್ಲಿ ಇದನ್ನು "ಅಭ್ಯಾಸ ಪ್ರಾಜೆಕ್ಟ್, ಸಾರ್ವಜನಿಕ ಡೇಟಾ" ಅಂತಲೇ ಹೆಸರಿಸಿ. ಈ ಡೇಟಾ ಈ ಕ್ಷೇತ್ರದವರಿಗೆಲ್ಲ ಚಿರಪರಿಚಿತ. ಇದನ್ನೇ ಕ್ಲೈಂಟ್ ಸ್ಟಡಿ ಅಂತ ತೋರಿಸಿದವರೊಬ್ಬರು ನಮ್ಮ ಮುಂದೆಯೇ ಕೂತಿದ್ದರು. 254 ಅನ್ನುವ ಸಂಖ್ಯೆ ಕೇಳಿದ ಕೂಡಲೇ ಪಕ್ಕದಲ್ಲಿದ್ದವರು ನನ್ನ ಮುಖ ನೋಡಿದರು.

ಎಷ್ಟು ಪುಟ?

ಎರಡು. ಎಂಟು ಸ್ಟಡಿ ಇದ್ದರೆ ಮೂರನ್ನು ವಿವರವಾಗಿ, ಉಳಿದವನ್ನು ಒಂದೊಂದು ಸಾಲಿನಲ್ಲಿ. ಟೇಬಲ್ ಒಳಗೆ ಟೇಬಲ್ ಹಾಕಬೇಡಿ, ಅರ್ಜಿ ಶೋಧಿಸುವ ಸಾಫ್ಟ್‌ವೇರ್ ಅದನ್ನು ಕಲಸಿಬಿಡಬಹುದು.

ಸ್ಟಡಿ ಫೇಲ್ ಆಯಿತು. ಅದನ್ನು ಬಿಡಲಾ?

ಬಿಡಬೇಡಿ. ಔಷಧ ಕೆಲಸ ಮಾಡಲಿಲ್ಲ ಅಂದರೆ ನಿಮ್ಮ ಡೇಟಾಸೆಟ್ ತಪ್ಪು ಅಂತಲ್ಲ. ಮಧ್ಯಂತರ ವಿಶ್ಲೇಷಣೆಯಲ್ಲಿ ನಿಲ್ಲಿಸಿದ ಟ್ರಯಲ್ ಆದರೆ ನಾನು ಇನ್ನೂ ಕುತೂಹಲದಿಂದ ಕೇಳುತ್ತೇನೆ: ನಿಲ್ಲಿಸುವ ಗಡಿ ಏನಿತ್ತು, ಎಷ್ಟನೇ ಘಟನೆಗೆ ನೋಡಿದಿರಿ, ಡೇಟಾ ಕಟ್‌ಆಫ್ ದಿನಾಂಕದ ಆಚೆ ಬಂದ ಸ್ಕ್ಯಾನ್‌ಗಳನ್ನು ಏನು ಮಾಡಿದಿರಿ. ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವರನ್ನು ಇದುವರೆಗೆ ವಾಪಸ್ ಕಳಿಸಿದ ನೆನಪು ನನಗಿಲ್ಲ.